ಮತದಾನ ನೆನಪಿಸಿದ್ದಕ್ಕೆ ‘ಯಾವ ಪಕ್ಷದವರು ನೀವು’ ಅಂತ ಬೈಸಿಕೊಂಡೆ. ಎಲ್ಲಿ ತಪ್ಪಿದೆ?

ನಡಿಗೆ_ಅಡ್ಮಿನ್
ನಾನೊಂದು ವಾಕಿಂಗ್ ಗುಂಪಿನ ಪುಟ ನೋಡಿಕೊಳ್ಳುತ್ತೇನೆ. ಸುಮಾರು 3,200 ಜನ ಇದ್ದಾರೆ. ರಾಜಕೀಯ ಮಾತಾಡುವ ಹಾಗಿಲ್ಲ ಅನ್ನುವುದು ನಮ್ಮ ಮೊದಲ ನಿಯಮ. ಮತದಾನದ ಹಿಂದಿನ ದಿನ ಒಳ್ಳೆ ಉದ್ದೇಶದಿಂದಲೇ ಈ ಪೋಸ್ಟ್ ಹಾಕಿದೆ:

“ನಾಳೆ ಮತದಾನ. ಇದು ಮಾಮೂಲಿ ಚುನಾವಣೆ ಅಲ್ಲ, ನಮ್ಮ ಮಕ್ಕಳ ಭವಿಷ್ಯದ ಪ್ರಶ್ನೆ. ಯುವಕರೇ, ಈ ಸಲ ಮನೆಯಲ್ಲಿ ಕೂರಬೇಡಿ. ಬದಲಾವಣೆ ನಿಮ್ಮ ಬೆರಳ ತುದಿಯಲ್ಲಿದೆ!”

ಹಸಿರು ಹಿನ್ನೆಲೆ, ಕೈ ಎತ್ತಿದ ಜನರ ಫೋಟೊ. ಮುಕ್ಕಾಲು ಗಂಟೆಯೊಳಗೆ 60 ಕಾಮೆಂಟ್ ಬಂದವು. ಅರ್ಧ ಜನ ನಾನು ಒಂದು ಪಕ್ಷದವನು ಅಂದರು, ಇನ್ನರ್ಧ ಜನ ಅವರಿಗೆ ಬೈದರು. ಪೋಸ್ಟ್ ತೆಗೆದೆ. ತೆಗೆದಿದ್ದಕ್ಕೆ ಮತ್ತೆ ಬೈಸಿಕೊಂಡೆ. ನಾನು ಯಾವ ಪಕ್ಷದ ಹೆಸರೂ ಎತ್ತಿಲ್ಲ. ಇನ್ನು ಐದು ವಾರಕ್ಕೆ ಇನ್ನೊಂದು ಚುನಾವಣೆ ಇದೆ, ಆಗಲೂ ನೆನಪಿಸಬೇಕು ಅಂತ ಆಸೆ. ಎಲ್ಲಿ ಎಡವಿದೆ ಹೇಳಿ.

ಗೊಣಗಣ್ಣ
“ಬದಲಾವಣೆ” ಅಂದ ಮೇಲೆ ಪಕ್ಷದ ಹೆಸರು ಬೇರೆ ಎತ್ತಬೇಕಾ ಸ್ವಾಮಿ?

ಸುಮಾ_ಡಿಸೈನ್
ಪದ ಆಮೇಲೆ ನೋಡೋಣ. ಜನ ಮೊದಲು ನೋಡುವುದು ಬಣ್ಣ. ಹಸಿರು ಯಾವುದಾದರೂ ಪಕ್ಷದ ಬಾವುಟದಲ್ಲಿ ಇದ್ದರೆ ಅಲ್ಲಿಗೆ ಮುಗಿಯಿತು, ಕೆಳಗೆ ನೀವು ಏನು ಬರೆದರೂ ಅದೇ ಬಣ್ಣದಲ್ಲಿ ಓದಿಕೊಳ್ಳುತ್ತಾರೆ. ಎತ್ತಿದ ಕೈ ಇನ್ನೂ ಕಷ್ಟ. ಗುರುತು ನೋಡಿ ಮತ ಹಾಕುವ ಕಡೆ ಕೈ, ಹೂವು, ಗಡಿಯಾರ, ಸೈಕಲ್ ಎಲ್ಲವೂ ಯಾರದೋ ಸ್ವತ್ತು. ನಾನು ಇಂಥ ಪೋಸ್ಟ್ ಮಾಡುವಾಗ ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಫೋಟೊ ಇಲ್ಲ. ನೋಡೋಕೆ ಸಪ್ಪೆ. ಆದರೆ ಬೈಗುಳ ಬಂದಿಲ್ಲ.

ನಡಿಗೆ_ಅಡ್ಮಿನ್
ಹಸಿರು ನಮ್ಮ ಗುಂಪಿನ ಟೀ ಶರ್ಟ್ ಬಣ್ಣ ಮೇಡಂ! ಆರು ವರ್ಷದಿಂದ ಅದೇ.

ಸುಮಾ_ಡಿಸೈನ್
ಅದು ನಿಮಗೆ ಗೊತ್ತು. ಸ್ಕ್ರೀನ್‌ಶಾಟ್ ನೋಡಿದವರಿಗೆ ಗೊತ್ತಿಲ್ಲವಲ್ಲ.

ಹಳೇ_ಕಾರ್ಯಕರ್ತ
ಹೆಸರು ನೋಡಿ ಗಾಬರಿಯಾಗಬೇಡಿ, ಯಾವ ಪಕ್ಷದ ಕಾರ್ಯಕರ್ತನೂ ಅಲ್ಲ. ಪಕ್ಷದ ನಂಟಿಲ್ಲದ ಒಂದು ಸಂಘದಲ್ಲಿ 12 ವರ್ಷ ಮತದಾನ ನೆನಪಿಸುವ ಕೆಲಸವನ್ನೇ ಮಾಡಿದ್ದೇನೆ. ನಿಮ್ಮ ನಾಲ್ಕು ಸಾಲನ್ನು ಒಂದೊಂದಾಗಿ ನೋಡೋಣ.

“ನಾಳೆ ಮತದಾನ.” ಇದಕ್ಕೆ ಯಾರೂ ಜಗಳ ತೆಗೆಯುವುದಿಲ್ಲ.

“ಮಾಮೂಲಿ ಚುನಾವಣೆ ಅಲ್ಲ, ಮಕ್ಕಳ ಭವಿಷ್ಯ.” ಇದನ್ನು ಓದಿದವನು ಕೂಡಲೇ ಕೇಳುತ್ತಾನೆ, ಭವಿಷ್ಯಕ್ಕೆ ಅಪಾಯ ಯಾರಿಂದ ಅಂತ. ಉತ್ತರ ನೀವು ಹೇಳಿಲ್ಲ, ಅವನೇ ತುಂಬಿಕೊಳ್ಳುತ್ತಾನೆ. ಎದುರು ಪಕ್ಷದವನಾದರೆ ನಿಮ್ಮ ಬೆರಳು ತನ್ನ ಕಡೆಯೇ ತಿರುಗಿದೆ ಅಂದುಕೊಳ್ಳುತ್ತಾನೆ.

“ಬದಲಾವಣೆ.” ಇದು ಅಧಿಕಾರದಲ್ಲಿ ಇಲ್ಲದವರ ಪದ. ಅಧಿಕಾರದಲ್ಲಿ ಇರುವವರ ಪದಗಳೂ ಇವೆ: ಸ್ಥಿರತೆ, ಅಭಿವೃದ್ಧಿ ಮುಂದುವರಿಯಲಿ, ಕೆಲಸ ನೋಡಿ ಮತ ಹಾಕಿ. ಹಾಗಾಗಿ “ಬದಲಾವಣೆ” ತೆಗೆದು “ಅಭಿವೃದ್ಧಿಗಾಗಿ ಮತ ಹಾಕಿ” ಅಂತ ಹಾಕಿದರೆ ತಪ್ಪು ಸರಿಹೋಗುವುದಿಲ್ಲ, ಇನ್ನೊಂದು ಕಡೆಗೆ ವಾಲುತ್ತದೆ ಅಷ್ಟೆ. ನನ್ನ ಲೆಕ್ಕ ಸುಲಭ. “ಯಾಕೆ ಮತ ಹಾಕಬೇಕು” ಅನ್ನುವುದಕ್ಕೆ ಕಾರಣ ಕೊಡಲು ಹೋದರೆ ಹತ್ತರಲ್ಲಿ ಎಂಟು ಸಲ ಆ ಕಾರಣ ಯಾರದೋ ಪ್ರಚಾರದ ಸಾಲಾಗಿರುತ್ತದೆ. ಎಲ್ಲಿ, ಯಾವಾಗ, ಏನು ತೆಗೆದುಕೊಂಡು ಹೋಗಬೇಕು ಅಂತ ಹೇಳಿ ನಿಲ್ಲಿಸಿ.

“ಯುವಕರೇ” ಬಗ್ಗೆ ಆಮೇಲೆ ಬರೆಯುತ್ತೇನೆ. ಅದಕ್ಕೆ ಮೊದಲು ಒಂದು ಪ್ರಶ್ನೆ. ಈ ಪೋಸ್ಟ್ ಯಾರಿಗೆಲ್ಲ ಹೋಯಿತು?

ಕಾಫಿ_ಕಪ್
ಬರೀ ದಿನಾಂಕ, ಸಮಯ ಹಾಕಿದರೆ ಯಾರು ಓದುತ್ತಾರೆ ಸಾರ್? ಅದು ನೆನಪಿಸುವ ಪೋಸ್ಟೋ ಬಸ್ ವೇಳಾಪಟ್ಟಿಯೋ?

ಹಳೇ_ಕಾರ್ಯಕರ್ತ
ಬಸ್ ವೇಳಾಪಟ್ಟಿಯನ್ನು ಬಸ್ ಬೇಕಾದವರೆಲ್ಲ ಓದುತ್ತಾರೆ ಅಲ್ವಾ?

ಲತಾ_ಎಂ
ನನ್ನದೂ ಇದೇ ಸಮಸ್ಯೆ. ಹೋದ ಸಲ ಮತ ಹಾಕಲು ಹೋದರೆ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಮನೆ ಬದಲಾಯಿಸಿದ್ದೆ. ಒಂದು ಗಂಟೆ ಸಾಲಲ್ಲಿ ನಿಂತು ವಾಪಸ್ ಬಂದೆ. ಯಾರಿಗೆ ದೂರು ಕೊಡಬೇಕು?

ಗೊಣಗಣ್ಣ
ಲತಾ ಮೇಡಂ, ಇಲ್ಲಿ ನಡೆಯುತ್ತಿರುವುದು ಬೇರೆ ಚರ್ಚೆ.

ಹಳೇ_ಕಾರ್ಯಕರ್ತ
ಬೇರೆ ಅಂತ ನನಗೆ ಅನಿಸುವುದಿಲ್ಲ. ಮೇಡಂ, ಮತದಾನದ ದಿನ ದೂರು ಕೊಟ್ಟರೆ ಆ ದಿನಕ್ಕೆ ಪ್ರಯೋಜನ ಕಡಿಮೆ. ಈಗಲೇ ಚುನಾವಣಾ ಅಧಿಕಾರಿಗಳ ಜಾಲತಾಣದಲ್ಲಿ ಹೆಸರು ಹುಡುಕಿ. ಇಲ್ಲದಿದ್ದರೆ ಹೊಸ ವಿಳಾಸದಲ್ಲಿ ಸೇರಿಸಲು ಅರ್ಜಿ ಹಾಕಿ. ಅದಕ್ಕೊಂದು ಕೊನೇ ದಿನ ಇರುತ್ತದೆ, ಮತದಾನಕ್ಕಿಂತ ತುಂಬಾ ಮೊದಲೇ ಮುಗಿಯುತ್ತದೆ.

ಅಡ್ಮಿನ್ ಅವರೇ, ಇದನ್ನು ಗಮನಿಸಿ. ಹಿಂದಿನ ದಿನ “ನಾಳೆ ಮತದಾನ” ಅಂತ ಕೂಗುವುದಕ್ಕಿಂತ ಆ ಕೊನೇ ದಿನಕ್ಕೆ ಹತ್ತು ದಿನ ಮೊದಲು “ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳಿ” ಅಂದರೆ ಜಾಸ್ತಿ ಉಪಯೋಗ. ಆಗ ಪ್ರಚಾರದ ಕಾವೂ ಅಷ್ಟು ಏರಿರುವುದಿಲ್ಲ, ಅನುಮಾನವೂ ಕಡಿಮೆ.

ಟೆಕ್_ತಮ್ಮಯ್ಯ
ಇದೆಲ್ಲ ಸಣ್ಣ ವಿಷಯ ಬಿಡಿ. ಫೇಸ್‌ಬುಕ್ 2010ರಲ್ಲಿ ಅಮೆರಿಕದಲ್ಲಿ ಇದನ್ನೇ ಮಾಡಿತ್ತು. “ಇವತ್ತು ಚುನಾವಣೆ” ಅಂತ ತಮಗೆ ಬೇಕಾದ ಪಕ್ಷದವರಿಗೆ ಮಾತ್ರ ತೋರಿಸಿ 3.4 ಲಕ್ಷ ಮತ ಜಾಸ್ತಿ ಮಾಡಿದರು.

ಅಂಕಿಸಂಖ್ಯೆ_ಅಕ್ಕ
ತಮ್ಮಯ್ಯ ಅವರೇ, ಅರ್ಧ ಸರಿ. ಪ್ರಯೋಗ ನಡೆದದ್ದು ನಿಜ, 2010ರ ನವೆಂಬರ್ 2ರಂದು. 2012ರಲ್ಲಿ ನೇಚರ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆದರೆ ಒಂದು ಪಕ್ಷದವರಿಗೆ ಮಾತ್ರ ತೋರಿಸಲಿಲ್ಲ. ಸುಮಾರು 6.1 ಕೋಟಿ ಜನರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತೋರಿಸಿದರು. ಹೋಲಿಸಿ ನೋಡಲು ಸುಮಾರು 6 ಲಕ್ಷ ಜನರಿಗೆ ಏನೂ ತೋರಿಸಲಿಲ್ಲ, ಇನ್ನೊಂದು 6 ಲಕ್ಷ ಜನರಿಗೆ ಗೆಳೆಯರ ಫೋಟೊ ಇಲ್ಲದ ಸಪ್ಪೆ ಸಂದೇಶ ತೋರಿಸಿದರು. ಯಾರು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರು.

“ಇಂತಿಂಥ ನಿಮ್ಮ ಗೆಳೆಯರು ಮತ ಹಾಕಿದ್ದಾರೆ” ಅಂತ ಫೋಟೊ ಸಮೇತ ನೋಡಿದವರಲ್ಲಿ ಮತದಾನ ಸ್ವಲ್ಪ ಏರಿತು, ಅರ್ಧ ಶೇಕಡಕ್ಕಿಂತಲೂ ಕಡಿಮೆ. ಅಷ್ಟು ದೊಡ್ಡ ಜನಸಂಖ್ಯೆಗೆ, ಗೆಳೆಯರಿಂದ ಗೆಳೆಯರಿಗೆ ಹರಡಿದ್ದನ್ನೂ ಸೇರಿಸಿದರೆ, ನೀವು ಹೇಳಿದ 3.4 ಲಕ್ಷ ಮತದ ಅಂದಾಜು. ಸಪ್ಪೆ ಸಂದೇಶ ನೋಡಿದವರಿಗೂ ಏನೂ ನೋಡದವರಿಗೂ ವ್ಯತ್ಯಾಸ ಕಾಣಲಿಲ್ಲ.

ಕಾಫಿ_ಕಪ್
ಅಕ್ಕ ನನ್ನ ಪಕ್ಷ! ಸಪ್ಪೆ ಪೋಸ್ಟ್ ಕೆಲಸ ಮಾಡಲ್ಲ ಅಂತ ನಾನು ಆಗಲೇ ಹೇಳಿದೆ.

ಅಂಕಿಸಂಖ್ಯೆ_ಅಕ್ಕ
ಅಷ್ಟು ದೂರ ಎಳೆಯಬೇಡಿ. ಅಲ್ಲಿ ಕೆಲಸ ಮಾಡಿದ್ದು ಪರಿಚಯದ ಮುಖ. ಆವೇಶದ ಮಾತು ಅಲ್ಲಿ ಇರಲೇ ಇಲ್ಲ. ಬೇಕಿದ್ದರೆ “ನಾನು ಮತ ಹಾಕಿ ಬಂದೆ” ಅಂತ ಸದಸ್ಯರೇ ಬರೆದುಕೊಳ್ಳಲಿ, ಯಾರಿಗೆ ಹಾಕಿದೆ ಅಂತ ಬೇಡ.

ಇನ್ನೊಂದು ವಿಷಯ. ತಮ್ಮಯ್ಯ ಅವರ ಭಯ ಸುಳ್ಳಲ್ಲ. ಆ ಫಲಿತಾಂಶ ಬಂದ ಮೇಲೆ ಜೊನಾಥನ್ ಜಿಟ್ರೇನ್ ಎನ್ನುವ ಕಾನೂನು ಪ್ರಾಧ್ಯಾಪಕರು 2014ರಲ್ಲಿ ಇದನ್ನೇ ಎತ್ತಿದರು. ಸಂದೇಶದ ಒಂದು ಅಕ್ಷರವೂ ಬದಲಾಗದೆ, ಅದನ್ನು ಒಂದು ಪಕ್ಷದ ಬೆಂಬಲಿಗರಿಗೆ ಮಾತ್ರ ತೋರಿಸಿದರೆ ಏನಾಗುತ್ತದೆ ಅಂತ. ಆಗ ಪದಗಳಲ್ಲಿ ತಪ್ಪು ಹುಡುಕಿದರೆ ಏನೂ ಸಿಗುವುದಿಲ್ಲ.

ಹಳೇ_ಕಾರ್ಯಕರ್ತ
ಅದಕ್ಕೇ ಕೇಳಿದ್ದು. ಅಡ್ಮಿನ್, ಯಾರಿಗೆ ಹೋಯಿತು?

ನಡಿಗೆ_ಅಡ್ಮಿನ್
ಮುಖ್ಯ ಪುಟದಲ್ಲಿ ಹಾಕಿದೆ. ಆಮೇಲೆ ಸಂಜೆ ಬ್ಯಾಚಿನ ವಾಟ್ಸಾಪ್ ಗುಂಪಿಗೂ ಕಳಿಸಿದೆ, ಅಲ್ಲಿ ಹೆಚ್ಚಿನವರು ಮೂವತ್ತರ ಒಳಗಿನವರು. ಬೆಳಗಿನ ಬ್ಯಾಚ್ ಎಲ್ಲ ನಿವೃತ್ತರು. ಅವರು ಹೇಗೂ ತಪ್ಪದೆ ಮತ ಹಾಕುತ್ತಾರೆ ಅಂತ ಕಳಿಸಲಿಲ್ಲ.

ಈಗ ನೋಡಿದೆ. ಮೊದಲು ಜಗಳ ತೆಗೆದವರು ಬೆಳಗಿನ ಬ್ಯಾಚಿನವರೇ.

ಗೊಣಗಣ್ಣ
ಅಲ್ಲಿಗೆ ಬಂತು ನೋಡಿ.

ಹಳೇ_ಕಾರ್ಯಕರ್ತ
ಹಸಿರಿಗಿಂತ, ಬದಲಾವಣೆಗಿಂತ ದೊಡ್ಡ ತಪ್ಪು ಇದು. ಒಂದು ವಯಸ್ಸಿನವರು ಒಂದು ಪಕ್ಷಕ್ಕೆ ಹಾಕುತ್ತಾರೆ ಅಂತ ಜನರಿಗೆ ಒಂದು ಅಂದಾಜು ಇರುತ್ತದೆ. ಅದು ಸರಿಯೋ ತಪ್ಪೋ ಬೇರೆ ಮಾತು. ಹಿರಿಯರ ಕಡೆಯಿಂದ ನೋಡಿ: ತಮಗೆ ಕಳಿಸಲಿಲ್ಲ, ಹುಡುಗರಿಗೆ ಕಳಿಸಿದರು, ಮೇಲೆ “ಯುವಕರೇ” ಅಂತ ಕರೆದರು, “ಬದಲಾವಣೆ” ಅಂದರು. ಒಂದೊಂದೇ ಆಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲವೇನೋ. ನಾಲ್ಕೂ ಒಟ್ಟಿಗೆ ಬಿದ್ದಾಗ ಅನುಮಾನ ಬರುವುದು ಸಹಜ.

ನಮ್ಮ ಸಂಘದಲ್ಲಿ ಒಂದೇ ಪಟ್ಟಿ, ಒಂದೇ ಸಂದೇಶ, ಒಂದೇ ಹೊತ್ತು. “ಅವರಿಗೆ ಬೇಡ, ಹೇಗೂ ಹಾಕುತ್ತಾರೆ” ಅನ್ನುವ ಆಯ್ಕೆಯನ್ನೇ ಇಟ್ಟುಕೊಂಡಿರಲಿಲ್ಲ. ಹೊತ್ತನ್ನೂ ಮೊದಲೇ ಗೊತ್ತು ಮಾಡಿ ಬರೆದಿಡುತ್ತಿದ್ದೆವು. ಇಲ್ಲದಿದ್ದರೆ ಒಬ್ಬ ನಾಯಕರ ಸಭೆ ಮುಗಿದ ಅರ್ಧ ಗಂಟೆಗೆ ಪೋಸ್ಟ್ ಹೋಗುತ್ತದೆ, ಅದಕ್ಕೊಂದು ಕಥೆ ಹುಟ್ಟುತ್ತದೆ.

ನಡಿಗೆ_ಅಡ್ಮಿನ್
ಒಪ್ಪಿದೆ. ಅವರು ಹಾಗೆ ಓದಿಕೊಳ್ಳಬಹುದು ಅಂತ ನನಗೆ ಹೊಳೆಯಲೇ ಇಲ್ಲ.

ರಾಮು_ರೈಡರ್
ಒಂದು ಸಲಹೆ. ಪೋಸ್ಟ್ ಮೇಲೆ ಚುನಾವಣಾ ಅಧಿಕಾರಿಗಳ ಮುದ್ರೆ ಹಾಕಿಬಿಡಿ. ಅಧಿಕೃತ ಅಂತ ಕಂಡರೆ ಯಾರೂ ಬಾಯಿ ತೆರೆಯುವುದಿಲ್ಲ.

ಅಂಕಿಸಂಖ್ಯೆ_ಅಕ್ಕ
ಅಯ್ಯೋ, ಅದೊಂದು ಮಾಡಬೇಡಿ! 2014ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಇದೇ ಆಯಿತು. ಸ್ಟ್ಯಾನ್‌ಫರ್ಡ್ ಮತ್ತು ಡಾರ್ಟ್‌ಮತ್‌ನ ಸಂಶೋಧಕರು ಸುಮಾರು 1 ಲಕ್ಷ ಮತದಾರರಿಗೆ ಅಂಚೆಯಲ್ಲಿ ಮಾಹಿತಿ ಪತ್ರ ಕಳಿಸಿದರು, ಮೇಲೆ ರಾಜ್ಯದ ಮುದ್ರೆ. ಅಲ್ಲಿ ನ್ಯಾಯಾಧೀಶರ ಸ್ಥಾನಕ್ಕೆ ಪಕ್ಷವಿಲ್ಲದ ಚುನಾವಣೆ. ಇವರು ಅಭ್ಯರ್ಥಿಗಳನ್ನು ಉದಾರವಾದಿಗಳಿಂದ ಸಂಪ್ರದಾಯವಾದಿಗಳವರೆಗಿನ ಒಂದು ಗೆರೆಯ ಮೇಲೆ ಜೋಡಿಸಿದ್ದರು, ಹೋಲಿಕೆಗೆ ಎರಡು ದೊಡ್ಡ ಪಕ್ಷಗಳ ನಾಯಕರಾದ ಒಬಾಮಾ ಮತ್ತು ರಾಮ್ನಿ ಹೆಸರನ್ನೂ ಅದೇ ಗೆರೆಯಲ್ಲಿ ಇಟ್ಟಿದ್ದರು. ಪತ್ರದ ಮೇಲೆ ಯಾವ ಪಕ್ಷದ ಪರವೂ ಅಲ್ಲ ಅಂತ ಇತ್ತು. ಆದರೂ ದೊಡ್ಡ ಗಲಾಟೆಯಾಗಿ ಎರಡೂ ವಿಶ್ವವಿದ್ಯಾಲಯಗಳು ಕ್ಷಮೆ ಕೇಳಬೇಕಾಯಿತು.

ಅವರದು ಬರೀ ನೆನಪಿಸುವ ಪತ್ರ ಅಲ್ಲ, ಒಪ್ಪಿದೆ. ಆದರೆ ಮುದ್ರೆ ಇದ್ದದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ನಿಮ್ಮ ಗುಂಪಿನ ಹೆಸರು ಹಾಕಿ, ಅಧಿಕೃತ ಜಾಲತಾಣದ ಕೊಂಡಿ ಕೊಡಿ, ಅಷ್ಟು ಸಾಕು.

ರಾಮು_ರೈಡರ್
ಸರಿ ಅಕ್ಕ, ಹಿಂದಕ್ಕೆ ತೆಗೆದುಕೊಂಡೆ.

ಶಾಂತಾ_ಟೀಚರ್
ನಮ್ಮ ಓದುಗರ ಕೂಟದಲ್ಲಿ ಆದದ್ದು ಹೇಳುತ್ತೇನೆ. ಪೋಸ್ಟ್ ಚೆನ್ನಾಗಿಯೇ ಇತ್ತು, ದಿನಾಂಕ ಸಮಯ ಮಾತ್ರ. ಒಬ್ಬ ಅಭ್ಯರ್ಥಿ ಅದನ್ನು ತಮ್ಮ ಪುಟದಲ್ಲಿ ಹಂಚಿಕೊಂಡರು. ನಮ್ಮ ಕಾರ್ಯದರ್ಶಿ ಸುಮ್ನೆ ಇರದೆ “ಧನ್ಯವಾದ ಸರ್, ನಿಮ್ಮ ಬೆಂಬಲಕ್ಕೆ” ಅಂತ ಬರೆದು ಕೈ ಮುಗಿಯುವ ಚಿತ್ರ ಹಾಕಿದರು. ಆ ಧನ್ಯವಾದದ ಸ್ಕ್ರೀನ್‌ಶಾಟ್ ಎರಡು ವಾರ ಓಡಾಡಿತು, ಪೋಸ್ಟ್ ಯಾರಿಗೂ ನೆನಪಿಲ್ಲ.

ಹಳೇ_ಕಾರ್ಯಕರ್ತ
ಟೀಚರ್ ಹೇಳಿದ್ದು ಪಕ್ಕಾ. ಯಾರು ಹಂಚಿದರೂ ಉತ್ತರ ಕೊಡಬಾರದು, ಲೈಕ್ ಒತ್ತಬಾರದು. ಪುಟದ ಖಾತೆಯಿಂದ ಹಿಂದೆ ಯಾವುದಾದರೂ ಪಕ್ಷದ ಪೋಸ್ಟಿಗೆ ಲೈಕ್ ಹೋಗಿದೆಯಾ ಅಂತಲೂ ನೋಡಿಕೊಳ್ಳಿ. ಅಡ್ಮಿನ್‌ಗಳು ಸ್ವಂತ ಖಾತೆ ಅಂದುಕೊಂಡು ಪುಟದ ಖಾತೆಯಿಂದ ಒತ್ತಿರುತ್ತಾರೆ.

ನಡಿಗೆ_ಅಡ್ಮಿನ್
ಈಗ ನೋಡಿದೆ. ಎರಡು ಇದ್ದವು. 😐 ತೆಗೆದೆ.

ಟೆಕ್_ತಮ್ಮಯ್ಯ
ಮತದಾನದ ಹಿಂದಿನ ದಿನ ಇಂಥದ್ದು ಹಾಕುವುದೇ ಕಾನೂನುಬಾಹಿರ ಅಲ್ವಾ? ಮೌನ ಅವಧಿ ಅಂತ ಇದೆಯಲ್ಲ.

ಹಳೇ_ಕಾರ್ಯಕರ್ತ
ದೇಶದಿಂದ ದೇಶಕ್ಕೆ ನಿಯಮ ಬೇರೆ. ಭಾರತದಲ್ಲಿ ಪ್ರಜಾಪ್ರತಿನಿಧಿ ಕಾಯ್ದೆ 1951ರ 126ನೇ ಕಲಂ ಪ್ರಕಾರ ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಟಿವಿ, ಸಿನಿಮಾದಂಥ ಸಾಧನಗಳಲ್ಲಿ ಚುನಾವಣಾ ವಿಷಯ ಪ್ರದರ್ಶಿಸುವ ಹಾಗಿಲ್ಲ. ಅಲ್ಲಿ ಚುನಾವಣಾ ವಿಷಯ ಅಂದರೆ ಫಲಿತಾಂಶದ ಮೇಲೆ ಪ್ರಭಾವ ಬೀರುವ ಉದ್ದೇಶದ್ದು. “ನಾಳೆ ಮತದಾನ, ಗುರುತಿನ ಚೀಟಿ ತನ್ನಿ” ಅನ್ನುವುದು ಅದರೊಳಗೆ ಬರುವುದಿಲ್ಲ. “ಬದಲಾವಣೆ ನಿಮ್ಮ ಬೆರಳ ತುದಿಯಲ್ಲಿ” ಅಂದರೆ ಯಾರಾದರೂ ಎಳೆದಾಡಬಹುದು. ಅಡ್ಮಿನ್ ಎಲ್ಲಿದ್ದಾರೋ ಅಲ್ಲಿನ ನಿಯಮ ಒಮ್ಮೆ ನೋಡಿಕೊಳ್ಳಲಿ.

ಕಾಫಿ_ಕಪ್
ಕಾಮೆಂಟ್ ಬಂದ್ ಮಾಡಿಬಿಡಿ, ತಲೆನೋವೇ ಇಲ್ಲ.

ಶಾಂತಾ_ಟೀಚರ್
ಬಂದ್ ಮಾಡಿದರೆ “ಬಾಯಿ ಮುಚ್ಚಿಸಿದರು” ಅಂತಾರೆ. ಮೇಲಾಗಿ ನಮ್ಮಲ್ಲಿ ಕಾಮೆಂಟಿನಲ್ಲೇ ಒಬ್ಬರು ಮತಗಟ್ಟೆ ಬದಲಾಗಿದೆ ಅಂತ ತಿಳಿಸಿದ್ದರು. ಬಂದ್ ಇದ್ದರೆ ಅದು ಗೊತ್ತಾಗುತ್ತಲೇ ಇರಲಿಲ್ಲ.

ಸುಮಾ_ಡಿಸೈನ್
ತೆರೆದಿಟ್ಟರೆ ಮೊದಲ ಕಾಮೆಂಟೇ ಯಾರದೋ ಘೋಷಣೆ. ಅದು ಪೋಸ್ಟಿನ ಕೆಳಗೇ ಅಂಟಿಕೊಂಡು ಪೋಸ್ಟಿನ ಭಾಗವೇ ಅನ್ನಿಸುತ್ತದೆ. ನಾನು ಬಂದ್ ಪರ.

ಹಳೇ_ಕಾರ್ಯಕರ್ತ
ಇದರಲ್ಲಿ ನಾವೇ ಒಂದು ತೀರ್ಮಾನಕ್ಕೆ ಬಂದಿರಲಿಲ್ಲ. ತೆರೆದಿಟ್ಟರೆ ಇಡೀ ದಿನ ಒಬ್ಬರು ಕಾಯಬೇಕು, ಎಲ್ಲ ಪಕ್ಷದ ಘೋಷಣೆಯನ್ನೂ ಒಂದೇ ವೇಗದಲ್ಲಿ ತೆಗೆಯಬೇಕು. ಒಂದನ್ನು ಹತ್ತು ನಿಮಿಷಕ್ಕೆ, ಇನ್ನೊಂದನ್ನು ಎರಡು ಗಂಟೆಗೆ ತೆಗೆದರೆ ಅದೂ ಪಕ್ಷಪಾತವೇ. ಕಾಯುವವರು ಇಲ್ಲದಿದ್ದರೆ ಬಂದ್ ಮಾಡಿ.

ಮೌನಿ_ಮಂಜ
ಒಂದು ಮೂಲ ಪ್ರಶ್ನೆ. ಮತದಾನ ಜಾಸ್ತಿಯಾದರೆ ಒಂದು ಪಕ್ಷಕ್ಕೆ ಲಾಭ ಅಂತ ಎಲ್ಲರೂ ನಂಬಿರುವ ಕಡೆ, ನೆನಪಿಸುವುದೇ ಒಂದು ಕಡೆಗೆ ವಾಲಿದ ಹಾಗಲ್ಲವಾ? ಆಗ ಬಿಳಿ ಹಿನ್ನೆಲೆ, ಕಪ್ಪು ಅಕ್ಷರ ಎಲ್ಲ ನಾಟಕ.

ಅಂಕಿಸಂಖ್ಯೆ_ಅಕ್ಕ
ಎಲ್ಲರಿಗೂ ಸಮನಾಗಿ ನೆನಪಿಸಿದರೆ ವಾಲಿದ ಹಾಗೆ ಹೇಗೆ?

ಮೌನಿ_ಮಂಜ
ಎಲ್ಲರಿಗೂ ಅಂದರೆ 3,200 ಸದಸ್ಯರಿಗೆ. ವಾಕಿಂಗ್ ಗುಂಪಿಗೆ ಸೇರುವವರೇ ಒಂದು ಬಗೆಯ ಜನ ಆಗಿದ್ದರೆ?

ಅಂಕಿಸಂಖ್ಯೆ_ಅಕ್ಕ
ಹೌದು, ಅದಕ್ಕೆ ನನ್ನ ಬಳಿ ಉತ್ತರ ಇಲ್ಲ. ನಿಮ್ಮ ಸದಸ್ಯರಲ್ಲಿ ಕೆಲವರನ್ನು ನೀವೇ ಆರಿಸುವುದು ಬೇರೆ, ಇರುವ ಸದಸ್ಯರಿಗೆಲ್ಲ ಹೇಳುವುದು ಬೇರೆ ಅಂತ ಮಾತ್ರ ಹೇಳಬಲ್ಲೆ.

ಗೊಣಗಣ್ಣ
ಹಾಗೆ ನೋಡಿದರೆ ಸೂರ್ಯ ಹುಟ್ಟುವುದೂ ಯಾವುದೋ ಪಕ್ಷಕ್ಕೆ ಲಾಭ ಮಂಜಣ್ಣ. ಅವರ ಗುರುತು ಸೂರ್ಯನೇ ಆಗಿದ್ದರೆ ಇನ್ನೂ ಲಾಭ.

ನಡಿಗೆ_ಅಡ್ಮಿನ್
ಹೊಸ ಕರಡು. ಬಿಳಿ ಹಿನ್ನೆಲೆ, ಫೋಟೊ ಇಲ್ಲ. ಬೆಳಗಿನ ಬ್ಯಾಚ್, ಸಂಜೆ ಬ್ಯಾಚ್, ಪುಟ ಮೂರಕ್ಕೂ ಒಂದೇ ಹೊತ್ತಿಗೆ ಹೋಗುತ್ತದೆ:

“ನಾಳೆ ಮತದಾನ. ಬೆಳಿಗ್ಗೆ 7ಕ್ಕೆ ಶುರು. ಗುರುತಿನ ಚೀಟಿ ತೆಗೆದುಕೊಂಡು ಹೋಗಿ. ನಿಮ್ಮ ಮತಗಟ್ಟೆ ಎಲ್ಲಿದೆ ಅಂತ ಚುನಾವಣಾ ಅಧಿಕಾರಿಗಳ ಜಾಲತಾಣದಲ್ಲಿ ನೋಡಿ. ಯೋಚಿಸಿ, ಸರಿಯಾದವರಿಗೆ ಮತ ಹಾಕಿ.”

ಶಾಂತಾ_ಟೀಚರ್
ಕೊನೇ ಸಾಲು ತೆಗೆಯಿರಿ. “ಸರಿಯಾದವರು” ಅಂದರೆ ಒಬ್ಬರು ತಪ್ಪಾದವರೂ ಇದ್ದಾರೆ ಅಂತ ಆಯಿತು.

ಕಾಫಿ_ಕಪ್
ಅದನ್ನೂ ತೆಗೆದರೆ ಏನು ಉಳಿಯಿತು ಟೀಚರ್!

ಶಾಂತಾ_ಟೀಚರ್
ಮತಗಟ್ಟೆಗೆ ಹೋಗಲು ಬೇಕಾದದ್ದು ಎಲ್ಲ ಉಳಿಯಿತು.

ಹಳೇ_ಕಾರ್ಯಕರ್ತ
ಟೀಚರ್ ಕಡೆ ನನ್ನ ಮತ. ಇನ್ನು ಒಂದು ಕೆಲಸ ಮಾಡಿ. ಬೇರೆ ಬೇರೆ ಪಕ್ಷದ ಕಟ್ಟಾ ಬೆಂಬಲಿಗರು ಇಬ್ಬರನ್ನು ಹಿಡಿಯಿರಿ. ಬರೆದವರು ಯಾರು ಅಂತ ಹೇಳದೆ ತೋರಿಸಿ. “ಇದು ಸರಿ ಇದೆಯಾ” ಅಂತ ಕೇಳಬೇಡಿ, ಮರ್ಯಾದೆಗೆ ಹೂಂ ಅಂತಾರೆ. “ಇದನ್ನು ಬರೆದವರು ಯಾವ ಪಕ್ಷದವರು ಇರಬಹುದು” ಅಂತ ಕೇಳಿ. ಇಬ್ಬರೂ ಒಂದೇ ಪಕ್ಷದ ಹೆಸರು ಹೇಳಿದರೆ ಏನೋ ವಾಲಿದೆ, ಯಾವ ಪದ ನೋಡಿ ಹಾಗನಿಸಿತು ಅಂತ ಕೇಳಿ ಅದನ್ನು ಕೀಳಿ. ಇಬ್ಬರಿಗೂ ಊಹಿಸಲು ಆಗದಿದ್ದರೆ ಹಾಕಿ.

ನಡಿಗೆ_ಅಡ್ಮಿನ್
ನಮ್ಮ ಗುಂಪಿನಲ್ಲಿ ಅಂಥ ಇಬ್ಬರಿಗೆ ಬರವಿಲ್ಲ. ಸಂಜೆ ತೋರಿಸಿ ಹೇಳುತ್ತೇನೆ.

ಲತಾ_ಎಂ
ನನ್ನ ಹೆಸರು ಈಗಲೂ ಪಟ್ಟಿಯಲ್ಲಿ ಇಲ್ಲ, ಈಗಷ್ಟೇ ನೋಡಿದೆ. ಕೊನೇ ದಿನಕ್ಕೆ ಇನ್ನು ಒಂಬತ್ತು ದಿನ ಇದೆಯಂತೆ, ಅರ್ಜಿ ಹಾಕಿದೆ. ಹಳೇ ಕಾರ್ಯಕರ್ತರಿಗೆ ಧನ್ಯವಾದ.

ನಡಿಗೆ_ಅಡ್ಮಿನ್
ತೋರಿಸಿದೆ, ಕೊನೇ ಸಾಲು ತೆಗೆದು. ಒಬ್ಬರು “ಇದು ಯಾವ ಪಕ್ಷದ್ದೂ ಅಲ್ಲ, ಯಾವುದೋ ಆಫೀಸಿನ ಸುತ್ತೋಲೆ” ಅಂದರು. ಇನ್ನೊಬ್ಬರು ಎರಡು ಸಲ ಓದಿ, ಪಕ್ಷದ ಮಾತೇ ಎತ್ತದೆ “ಎಷ್ಟು ಗಂಟೆಗೆ ಮುಗಿಯುತ್ತೆ ಅಂತ ಎಲ್ಲೂ ಇಲ್ಲವಲ್ಲಪ್ಪ” ಅಂದರು. ನಿಜ, ಹಾಕಿಯೇ ಇರಲಿಲ್ಲ. ಈಗ ಸೇರಿಸಿದೆ.